ಮಾಡಿದ, ಮಾಡದ: ಯಂತ್ರಾನುವಾದದಲ್ಲಿ ಕಳೆದುಹೋದ ‘ಇಲ್ಲ’ವನ್ನು ಹುಡುಕಿ ತಿದ್ದುವುದು ಹೇಗೆ

ಇಂಗ್ಲಿಷಿನಿಂದ ಯಂತ್ರ ಅನುವಾದಿಸಿದ ಕನ್ನಡವನ್ನು ತಿದ್ದುವ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಓದಿದರೆ ಎಲ್ಲವೂ ಸರಿಯಾಗಿಯೇ ಇದೆಯಲ್ಲ, ತಪ್ಪನ್ನು ಎಲ್ಲಿ ಹುಡುಕಬೇಕು?” ಕಷ್ಟ ಇರುವುದು ‘ಸರಿಯಾಗಿಯೇ ಇದೆ’ ಎಂಬ ಮಾತಿನಲ್ಲಿ. ಈ ಲೇಖನದಲ್ಲಿ ಎರಡೇ ಬಗೆಯ ತಪ್ಪುಗಳನ್ನು ತೆಗೆದುಕೊಂಡಿದ್ದೇನೆ. ಒಂದು, ನಿಷೇಧಾರ್ಥ ಬಿದ್ದುಹೋಗುವುದು, ಅಂದರೆ ‘ಬೇಡ’ ಎಂದಿದ್ದದ್ದು ‘ಬೇಕು’ ಆಗುವುದು. ಇನ್ನೊಂದು, ನುಡಿಗಟ್ಟು ಪದಕ್ಕೆ ಪದವಾಗಿ ಇಳಿಯುವುದು. ಇವೆರಡನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೋದರೆ ಎರಡೂ ತಪ್ಪಿಸಿಕೊಳ್ಳುತ್ತವೆ. ಮೊದಲನೆಯದಕ್ಕೆ ಮೂಲವನ್ನು ಕಣ್ಣೆದುರು ಇಟ್ಟುಕೊಳ್ಳಬೇಕು, ಎರಡನೆಯದಕ್ಕೆ ಮೂಲವನ್ನು ಮುಚ್ಚಿಡಬೇಕು.

ಕಾರಣವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ವಿಧಾನ ವಾಕ್ಯವನ್ನು ತುಂಡುಗಳಾಗಿ ಒಡೆದು, ಒಂದೊಂದು ತುಂಡಿಗೂ ಕನ್ನಡ ಹುಡುಕಿ ಪೋಣಿಸುತ್ತಿತ್ತು. ಹೊರಬಂದ ಕನ್ನಡ ಕುಂಟುತ್ತಿತ್ತು, ಆದರೆ ಮೂಲದ ಪ್ರತಿ ಪದವನ್ನೂ ಯಾವುದಾದರೂ ಒಂದು ತುಂಡಿನ ಲೆಕ್ಕಕ್ಕೆ ಸೇರಿಸಲೇಬೇಕೆಂಬ ನಿಯಮ ಅದಕ್ಕಿತ್ತು. 2017ರಲ್ಲಿ ಕನ್ನಡಕ್ಕೂ ನರಜಾಲ ವಿಧಾನ ಬಂತು. ನರಜಾಲ ಎಂದರೆ ಅಪಾರ ಪ್ರಮಾಣದ ಜೋಡಿ ವಾಕ್ಯಗಳನ್ನು ಕಂಡು, ಮೂಲ ವಾಕ್ಯವನ್ನೂ ಇಲ್ಲಿಯವರೆಗೆ ಬರೆದದ್ದನ್ನೂ ನೋಡಿ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಹೋಗುವ ಗಣಕ ಮಾದರಿ. ವಾಕ್ಯ ನಯವಾಯಿತು. ಆದರೆ ಮೂಲದ ಪ್ರತಿ ಪದವೂ ಬಂದಿದೆಯೇ ಎಂದು ಎಣಿಸುವವರು ಅದರೊಳಗೆ ಯಾರೂ ಇಲ್ಲ. ಅದರ ಮೇಲೆ ಇಂಗ್ಲಿಷಿನ ‘ನಾಟ್’ ವಾಕ್ಯದ ಆರಂಭದಲ್ಲೇ ಬಂದರೆ, ಕನ್ನಡದ ನಿಷೇಧ ಕ್ರಿಯಾಪದದ ಬಾಲದಲ್ಲಿ, ವಾಕ್ಯದ ಕಟ್ಟಕಡೆಯಲ್ಲಿ ಬರುತ್ತದೆ. ಅಷ್ಟು ದೂರ ಹೊತ್ತು ತರುವಾಗ ಅದು ದಾರಿಯಲ್ಲಿ ಬಿದ್ದುಹೋಗಬಹುದು.

ಕೈಯಲ್ಲಿ ಇರಬೇಕಾದದ್ದು

ಮೂಲ ಮತ್ತು ಅನುವಾದ ಅಕ್ಕಪಕ್ಕ ಕಾಣುವ ಎರಡು ಅಂಕಣದ ಕಡತ ಬೇಕು. ಅನುವಾದದ ತಂತ್ರಾಂಶವಿಲ್ಲದಿದ್ದರೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು: ಒಂದು ಸಾಲಿಗೆ ಒಂದು ವಾಕ್ಯ, ಪಕ್ಕದಲ್ಲಿ ಗುರುತು ಹಾಕಲು ಒಂದು ಖಾಲಿ ಅಂಕಣ.

ಕೆಲಸ ಕೊಟ್ಟವರಿಗೆ ಎಷ್ಟು ತಿದ್ದುಗೆ ಬೇಕು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಯಂತ್ರಾನುವಾದದ ತಿದ್ದುಗೆಗೆಂದೇ 2017ರಲ್ಲಿ ಬಂದ ಐಎಸ್‌ಒ 18587 ಎಂಬ ಅಂತರರಾಷ್ಟ್ರೀಯ ಮಾನದಂಡ ಪೂರ್ಣ ತಿದ್ದುಗೆ ಮತ್ತು ಲಘು ತಿದ್ದುಗೆ ಎಂದು ಎರಡು ಬಗೆ ಮಾಡುತ್ತದೆ. ಪೂರ್ಣ ತಿದ್ದುಗೆಯ ಗುರಿ, ಮನುಷ್ಯರೇ ಅನುವಾದಿಸಿದ್ದಕ್ಕೆ ಸಮನಾದ ಪಠ್ಯ. ಲಘು ತಿದ್ದುಗೆಯಲ್ಲಿ ಅರ್ಥ ತಿಳಿದರೆ ಸಾಕು, ಶೈಲಿಗೆ ಕೈ ಹಚ್ಚುವುದಿಲ್ಲ. ನುಡಿಗಟ್ಟಿನ ವಿಚಾರದಲ್ಲಿ ಈ ಭೇದ ಮುಖ್ಯವಾಗುತ್ತದೆ. ನಿಷೇಧದ ವಿಚಾರದಲ್ಲಿ ಎಳ್ಳಷ್ಟೂ ಆಗುವುದಿಲ್ಲ. ಎಷ್ಟೇ ಲಘುವಾಗಿ ತಿದ್ದಿದರೂ ‘ಬೇಡ’ವು ‘ಬೇಡ’ವಾಗಿಯೇ ಉಳಿಯಬೇಕು.

ಪಿಡಿಎಫ್ ಕಡತದಿಂದ ಪಠ್ಯವನ್ನು ನಕಲಿಸಿದ್ದರೆ, ಯಂತ್ರಕ್ಕೆ ಕೊಡುವ ಮೊದಲು ತುಂಡಾದ ಸಾಲುಗಳನ್ನು ಸೇರಿಸಿ. ‘ನಾಟ್’ ಒಂದು ಸಾಲಿನ ಕೊನೆಗೆ ಬಂದು, ಕ್ರಿಯಾಪದ ಮುಂದಿನ ಸಾಲಿಗೆ ಹೋಗಿದ್ದರೆ ಯಂತ್ರ ಅವನ್ನು ಎರಡು ಬೇರೆ ವಾಕ್ಯಗಳೆಂದು ತಿಳಿಯುತ್ತದೆ. ತಾನಾಗಿ ಬೀಳದ ನಿಷೇಧವನ್ನು ಹೀಗೆ ನಾವೇ ಬೀಳಿಸುತ್ತೇವೆ.

ಉದಾಹರಣೆಗೆ ಒಂದು ಪತ್ರ

ಲೇಖನದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಕಳಿಸುವ ಪತ್ರದ ಐದು ವಾಕ್ಯ. ಪತ್ರವನ್ನು ಈ ಲೇಖನಕ್ಕೆಂದೇ ಕಟ್ಟಿದ್ದೇನೆ, ಇದನ್ನು ವೈದ್ಯಕೀಯ ಸಲಹೆಯೆಂದು ಓದಬೇಡಿ. ಇದರಲ್ಲಿರುವ ತಪ್ಪುಗಳು ಮಾತ್ರ ಈ ಕೆಲಸ ಮಾಡುವವರಿಗೆಲ್ಲ ಹಳೆಯ ಪರಿಚಯದವು. ಯಂತ್ರ ಕೊಟ್ಟ ಕನ್ನಡ ಹೀಗಿದೆ ಎಂದುಕೊಳ್ಳಿ:

1. ಮಧ್ಯರಾತ್ರಿಯ ನಂತರ ನೀವು ಏನನ್ನೂ ತಿನ್ನದಿರಬಹುದು.
2. ನಿಮ್ಮ ಶಸ್ತ್ರವೈದ್ಯರು ಹೇಳದ ಹೊರತು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸಿ.
3. ನಿಲ್ಲಲು ತುಂಬಾ ದುರ್ಬಲ ಎನಿಸಿದರೆ, ಸಹಾಯವಿಲ್ಲದೆ ಎದ್ದೇಳಿ.
4. ಹಿಂದಿನ ದಿನ ಸಂಜೆ ಅನೇಕ ರೋಗಿಗಳ ಪಾದಗಳು ತಣ್ಣಗಾಗುತ್ತವೆ, ಇದು ಅಸಾಮಾನ್ಯ.
5. ದಿನದ ಕೊನೆಯಲ್ಲಿ ನಿರ್ಧಾರ ನಿಮ್ಮದು.

ಕಾಗುಣಿತ ಪರೀಕ್ಷಕ ಇದರಲ್ಲಿ ಒಂದು ತಪ್ಪನ್ನೂ ತೋರಿಸುವುದಿಲ್ಲ. ಅವಸರದ ಓದುಗರೂ ತೋರಿಸಲಾರರು. ಆದರೆ ಐದಕ್ಕೆ ಐದೂ ತಪ್ಪು.

ಹಂತ 1: ಕನ್ನಡವನ್ನು ನೋಡುವ ಮೊದಲು ಮೂಲದಲ್ಲಿ ಗುರುತು ಹಾಕಿ

ಹೊಸಬರು ಇಲ್ಲೇ ಎಡವುತ್ತಾರೆ. ಕನ್ನಡವನ್ನು ಮೊದಲು ಓದಿದರೆ ಅದು ಹೇಳುವ ಅರ್ಥ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಇಂಗ್ಲಿಷಿಗೆ ಹೋದಾಗ ಅದೇ ಅರ್ಥ ಅಲ್ಲಿಯೂ ಕಾಣತೊಡಗುತ್ತದೆ, ‘ನಾಟ್’ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಆದ್ದರಿಂದ ಕನ್ನಡದ ಅಂಕಣವನ್ನು ಮರೆಮಾಡಿ, ಮೂಲದಲ್ಲಿ ನಿಷೇಧ ಇರುವ ಕಡೆಯೆಲ್ಲ ಗುರುತು ಹಾಕಿ. ಕಡತ ದೊಡ್ಡದಿದ್ದರೆ, ರೆಗ್ಯುಲರ್ ಎಕ್ಸ್‌ಪ್ರೆಶನ್ ಒಪ್ಪುವ ಯಾವುದೇ ಪಠ್ಯ ಸಂಪಾದಕದಲ್ಲಿ ಹೀಗೆ ಹುಡುಕಬಹುದು. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದರೆ ಹಲವು ಪದಗಳನ್ನು ಒಂದೇ ಸಲಕ್ಕೆ ಹುಡುಕುವ ಸೂತ್ರ.

```
\b(not|no|never|none|nor|cannot|without|unless|until)\b|n['’]t\b
\b(hardly|rarely|few|little|too|avoid\w*|fail\w*)\b
```

ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಹುಡುಕಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಮಾಡದಂತೆ ಆಯ್ಕೆಯನ್ನು ಇಟ್ಟುಕೊಳ್ಳಿ. ಮೊದಲ ಸಾಲಿನ ಕೊನೆಯಲ್ಲಿ ಎರಡು ಬಗೆಯ ಅಪಾಸ್ಟ್ರಫಿ ಇರುವುದು ಕೈತಪ್ಪಿನಿಂದಲ್ಲ. ಪದಸಂಸ್ಕಾರಕಗಳು ನೇರ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಒಂದನ್ನೇ ಹುಡುಕಿದರೆ ‘ಡೋಂಟ್’, ‘ವೋಂಟ್’ಗಳ ಒಂದು ದಂಡೇ ತಪ್ಪಿಸಿಕೊಳ್ಳುತ್ತದೆ.

ಎರಡನೆಯ ಸಾಲಿನಲ್ಲಿರುವುದು ನಿಷೇಧದ ವೇಷ ಹಾಕದ ನಿಷೇಧಗಳು. ‘ಎ ಫ್ಯೂ’ ಎಂದರೆ ಕೆಲವರು ಇದ್ದಾರೆ ಎಂದು. ‘ಎ’ ಇಲ್ಲದ ಬರೀ ‘ಫ್ಯೂ’ ಎಂದರೆ ಹೆಚ್ಚು ಜನ ಇಲ್ಲ ಎಂದು. ಯಂತ್ರ ಎರಡಕ್ಕೂ ‘ಕೆಲವರು’ ಎಂದು ಬರೆದು ಮುಂದೆ ಹೋಗಿಬಿಡಬಹುದು. ‘ಟೂ’ ಇನ್ನೂ ಮೋಸದ ಪದ. ನಮ್ಮ ಪತ್ರದ 3ನೆಯ ವಾಕ್ಯದ ಮೂಲ ‘ಟೂ ವೀಕ್ ಟು ಸ್ಟ್ಯಾಂಡ್’. ಅದರಲ್ಲಿ ‘ನಾಟ್’ ಇಲ್ಲ, ಆದರೆ ಅರ್ಥ ‘ನಿಲ್ಲಲಾಗದಷ್ಟು ನಿಶ್ಶಕ್ತಿ’. ಕನ್ನಡದಲ್ಲಿ ‘ಆಗದ’ ಬರಲೇಬೇಕು, ಅದಿಲ್ಲದ ‘ನಿಲ್ಲಲು ತುಂಬಾ ದುರ್ಬಲ’ ಕನ್ನಡವೇ ಅಲ್ಲ.

ಪದದ ಮೊದಲಿಗೆ ಅಂಟಿಕೊಂಡ ‘ಅನ್’, ‘ಇನ್’, ‘ನಾನ್’ಗಳನ್ನು ಮಾತ್ರ ಕಣ್ಣಿನಿಂದಲೇ ಹುಡುಕಬೇಕು, ಸೂತ್ರ ಹಾಕಿದರೆ ‘ಅಂಡರ್’, ‘ಇನ್‌ಸೈಡ್’ಗಳೆಲ್ಲ ಎದ್ದು ಬರುತ್ತವೆ. ಅಂದಹಾಗೆ ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹೊತ್ತಿಕೊಳ್ಳುವಂಥದ್ದು, ಹೊತ್ತಿಕೊಳ್ಳದ್ದಲ್ಲ. ಇಲ್ಲಿ ಯಂತ್ರ ಸರಿಯಾಗಿ ಬರೆದದ್ದನ್ನು ಜಾಣ ಸಂಪಾದಕ ಕೆಡಿಸುವ ಸಂಭವವೇ ಹೆಚ್ಚು.

ನಮ್ಮ ಪತ್ರದ ಮೂಲದಲ್ಲಿ ಗುರುತು ಹಾಕಿದರೆ ಲೆಕ್ಕ ಹೀಗೆ ಬರುತ್ತದೆ. 1ರಲ್ಲಿ ‘ಮೇ ನಾಟ್’, ಅಂದರೆ ಒಂದು. 2ರಲ್ಲಿ ‘ಡು ನಾಟ್’ ಮತ್ತು ‘ಅನ್‌ಲೆಸ್’, ಎರಡು. 3ರಲ್ಲಿ ‘ಟೂ’, ‘ಡು ನಾಟ್’, ‘ವಿತೌಟ್’, ಮೂರು. 4ರಲ್ಲಿ ‘ನಾಟ್ ಅನ್‌ಯೂಶುವಲ್’, ಎರಡು. 5ರಲ್ಲಿ ಏನೂ ಇಲ್ಲ. ಈ ಅಂಕಿಗಳನ್ನು ಖಾಲಿ ಅಂಕಣದಲ್ಲಿ ಬರೆದಿಡಿ.

ಹಂತ 2: ಗುರುತು ಹಾಕಿದ ಪ್ರತಿಯೊಂದಕ್ಕೂ ಕನ್ನಡದಲ್ಲಿ ಜೋಡಿ ಹುಡುಕಿ

ಈಗ ಕನ್ನಡದ ಅಂಕಣವನ್ನು ತೆರೆಯಿರಿ. ಇಡೀ ವಾಕ್ಯ ಓದಬೇಡಿ, ನೇರವಾಗಿ ಕ್ರಿಯಾಪದದ ಕೊನೆಗೆ ಹೋಗಿ. ಹುಡುಕಬೇಕಾದದ್ದು ಇಲ್ಲ, ಅಲ್ಲ, ಬೇಡ, ಬಾರದು, ಕೂಡದು, ಆಗದು ಎಂಬ ಎದ್ದು ಕಾಣುವ ರೂಪಗಳನ್ನು ಮಾತ್ರವಲ್ಲ. ಪದದೊಳಗೆ ಅಡಗಿ ಕುಳಿತ ‘ದೆ’, ‘ದ’ಗಳನ್ನೂ ಹುಡುಕಬೇಕು.

ಈ ಅಡಗಿದ ರೂಪಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು, ಏಕೆಂದರೆ ಕನ್ನಡ ಇಲ್ಲಿ ತುಂಬ ಜಿಪುಣ ಭಾಷೆ. ‘ಮಾಡಿದ’ ಮತ್ತು ‘ಮಾಡದ’ ನಡುವೆ ಇರುವುದು ಒಂದು ಗುಡಿಸು. ‘ಪರೀಕ್ಷೆ ಮಾಡಿದ ರಕ್ತ’, ‘ಪರೀಕ್ಷೆ ಮಾಡದ ರಕ್ತ’: ಹಾಗೆ ಬರೆದಾಗ ಭೇದ ದೊಡ್ಡದಾಗಿ ಕಾಣುತ್ತದೆ, ಇಪ್ಪತ್ತು ಪದಗಳ ವಾಕ್ಯದ ನಡುವೆ ಕಾಣುವುದಿಲ್ಲ. ‘ಹೇಳಿದೆ’ ಮತ್ತು ‘ಹೇಳದೆ’ಯ ಕಥೆಯೂ ಅದೇ. ಎರಡೂ ಶುದ್ಧ ಪದಗಳಾದ್ದರಿಂದ ಕಾಗುಣಿತ ಪರೀಕ್ಷಕಕ್ಕೆ ಅನುಮಾನ ಬರುವುದಿಲ್ಲ. ಇಂಥ ಜೋಡಿ ಬಂದಾಗ ನಾನು ಪರದೆಯ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದುತ್ತೇನೆ. ಹಾಸ್ಯಾಸ್ಪದ ಎನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಜೋಡಿ ಹುಡುಕುವಾಗ ಮೂರು ಬಗೆಯ ಎಡವಟ್ಟು ಕಾಣುತ್ತದೆ.

ಮೊದಲನೆಯದು, ನಿಷೇಧ ಪೂರ್ತಿ ಬಿದ್ದುಹೋಗಿರುವುದು. ಎರಡು ನಿಷೇಧಗಳು ಒಂದೇ ವಾಕ್ಯದಲ್ಲಿ ಬಂದಾಗ ಇದರ ಅಪಾಯ ಹೆಚ್ಚು. ಯಂತ್ರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತದೆ. 2ನೆಯ ವಾಕ್ಯದ ಲೆಕ್ಕ ಎರಡು. ‘ಹೇಳದ ಹೊರತು’ ಎಂಬಲ್ಲಿ ಒಂದು ಸಿಕ್ಕಿತು, ಕೊನೆಯ ‘ನಿಲ್ಲಿಸಿ’ಯಲ್ಲಿ ಇನ್ನೊಂದು ಇಲ್ಲ. ಮೂಲ ಹೇಳಿದ್ದು, ವೈದ್ಯರು ಹೇಳದೆ ನಿಲ್ಲಿಸಬೇಡಿ ಎಂದು. ಕನ್ನಡ ಹೇಳುತ್ತಿರುವುದು, ವೈದ್ಯರು ಬಾಯಿ ಬಿಡದಿದ್ದರೆ ನಿಲ್ಲಿಸಿಬಿಡಿ ಎಂದು. 3ರಲ್ಲಿ ಮೂರರ ಪೈಕಿ ‘ಸಹಾಯವಿಲ್ಲದೆ’ ಒಂದೇ ಉಳಿದಿದೆ, ನಿಲ್ಲಲಾಗದ ರೋಗಿಗೆ ಒಬ್ಬರೇ ಏಳಿ ಎಂದು ಹೇಳಿದಂತಾಗಿದೆ. 4ರಲ್ಲಿ ‘ನಾಟ್’ ಬಿದ್ದು ‘ಅನ್’ ಉಳಿದಿದೆ, ಸಹಜ ಎಂದದ್ದು ಅಸಾಮಾನ್ಯವಾಗಿದೆ. ಒಂದು ನಿಷೇಧ ಕಂಡಿತೆಂದು ಸಮಾಧಾನಪಡಬೇಡಿ, ಲೆಕ್ಕ ಹೊಂದಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎರಡನೆಯದು, ನಿಷೇಧ ಬಂದಿದೆ, ಆದರೆ ಬೇರೆ ಜಾತಿಯದು. ಇಂಗ್ಲಿಷ್ ಒಂದೇ ‘ನಾಟ್’ನಲ್ಲಿ ಮುಗಿಸುವ ಕೆಲಸವನ್ನು ಕನ್ನಡ ಹಂಚಿಕೊಟ್ಟಿದೆ. ಇರವನ್ನು ನಿರಾಕರಿಸಿದರೆ ‘ಇಲ್ಲ’, ಗುರುತನ್ನು ನಿರಾಕರಿಸಿದರೆ ‘ಅಲ್ಲ’. ‘ಮಸ್ಟ್ ನಾಟ್’ ಎಂದರೆ ‘ಬಾರದು’, ‘ನೀಡ್ ನಾಟ್’ ಎಂದರೆ ‘ಬೇಕಾಗಿಲ್ಲ’. ‘ಅರ್ಜಿಯ ಜೊತೆ ಮೂಲ ದಾಖಲೆ ಕಳಿಸಬೇಕಾಗಿಲ್ಲ’ ಎನ್ನುವುದಕ್ಕೂ ‘ಕಳಿಸಬಾರದು’ ಎನ್ನುವುದಕ್ಕೂ ಇರುವ ಅಂತರ ದಾಖಲೆ ಕಳೆದುಕೊಂಡವರಿಗೆ ಗೊತ್ತು. ನಮ್ಮ ಪತ್ರದ 1ನೆಯ ವಾಕ್ಯದಲ್ಲಿ ಆಗಿರುವುದು ಇದೇ. ‘ಮೇ ನಾಟ್’ಗೆ ಇಂಗ್ಲಿಷಿನಲ್ಲಿ ಎರಡು ಅರ್ಥ: ಅನುಮತಿ ಇಲ್ಲ ಎಂಬುದು ಒಂದು, ಹಾಗಾಗದೆಯೂ ಇರಬಹುದು ಎಂಬುದು ಇನ್ನೊಂದು. ಯಂತ್ರ ಎರಡನೆಯದನ್ನು ಹಿಡಿದಿದೆ. ಲೆಕ್ಕ ಹೊಂದುತ್ತದೆ, ‘ತಿನ್ನದಿರಬಹುದು’ ಎಂಬಲ್ಲಿ ನಿಷೇಧ ಇದೆ, ಆದರೆ ಆಜ್ಞೆ ಹೋಗಿ ಊಹೆಯಾಗಿದೆ. ಲೆಕ್ಕದ ವಿಧಾನಕ್ಕೆ ಸಿಗದ ತಪ್ಪು ಇದು, ಆದ್ದರಿಂದ ‘ಮೇ’, ‘ಮಸ್ಟ್’, ‘ನೀಡ್’ ಇರುವ ವಾಕ್ಯಗಳನ್ನು ಎಣಿಸಿದ ಮೇಲೂ ಪೂರ್ತಿ ಓದಿ.

ಮೂರನೆಯದು, ನಿಷೇಧ ಇದೆ, ಜಾತಿಯೂ ಸರಿ, ಆದರೆ ತಪ್ಪು ಜಾಗಕ್ಕೆ ಕೂತಿದೆ. ‘ನಾಟ್ ಆಲ್ ಪೇಶೆಂಟ್ಸ್’ ಎಂದರೆ ‘ಎಲ್ಲ ರೋಗಿಗಳಿಗೂ ಅಲ್ಲ, ಕೆಲವರಿಗೆ ಮಾತ್ರ’. ಯಂತ್ರ ನಿಷೇಧವನ್ನು ಕ್ರಿಯಾಪದಕ್ಕೆ ತಳ್ಳಿ ‘ಎಲ್ಲ ರೋಗಿಗಳಿಗೆ ಅಡ್ಡಪರಿಣಾಮ ಆಗುವುದಿಲ್ಲ’ ಎಂದು ಬರೆದರೆ, ಯಾರಿಗೂ ಆಗುವುದಿಲ್ಲ ಎಂದೂ ಓದಿಕೊಳ್ಳಬಹುದು. ‘ಎಲ್ಲ ರೋಗಿಗಳಿಗೂ ಆಗುತ್ತದೆಂದೇನಿಲ್ಲ’ ಎಂದರೆ ಗೊಂದಲ ಉಳಿಯುವುದಿಲ್ಲ.

ಇದೇ ಓದಿನಲ್ಲಿ ಎದುರು ದಿಕ್ಕಿನಿಂದಲೂ ಒಮ್ಮೆ ನೋಡಿ. ಮೂಲದಲ್ಲಿ ಗುರುತಿಲ್ಲದ ವಾಕ್ಯಕ್ಕೆ ಕನ್ನಡದಲ್ಲಿ ‘ಇಲ್ಲ’ ಬಂದಿದ್ದರೆ ಕಾರಣ ಹುಡುಕಿ. ‘ನಂಬರ್’ ಎಂಬುದರ ಸಂಕ್ಷೇಪವಾದ `No.` ಎಂಬುದನ್ನು ‘ಇಲ್ಲ’ ಎಂದು ಓದಿ ‘ಕೊಠಡಿ ಇಲ್ಲ 12’ ಎಂದು ಬರೆದ ಯಂತ್ರಾನುವಾದವನ್ನು ನೋಡಿ ನಕ್ಕವರು ಬಹಳ ಮಂದಿ. ನಗು ಬರಿಸುವ ತಪ್ಪುಗಳ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ, ಅವನ್ನು ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಹಂತ 3: ಮೂಲವನ್ನು ಮುಚ್ಚಿ, ಕನ್ನಡವನ್ನಷ್ಟೇ ಓದಿ

ಈಗ ಇಂಗ್ಲಿಷ್ ಅಂಕಣವನ್ನು ಮರೆಮಾಡಿ. ಸಾಧ್ಯವಾದರೆ ಒಂದು ಗಂಟೆ ಬೇರೆ ಕೆಲಸ ಮಾಡಿ ಬನ್ನಿ. ಮೂಲ ಮನಸ್ಸಿನಲ್ಲಿ ಹಸಿಯಾಗಿದ್ದರೆ ‘ಹವಾಮಾನದ ಕೆಳಗಿದ್ದೇನೆ’ ಎಂಬುದೂ ಅರ್ಥವಾಗಿಬಿಡುತ್ತದೆ, ಏಕೆಂದರೆ ನೀವು ಕನ್ನಡದ ಮೂಲಕ ಇಂಗ್ಲಿಷನ್ನೇ ಓದುತ್ತಿರುತ್ತೀರಿ. ಮೈ ಹುಷಾರಿಲ್ಲ ಎಂಬುದಕ್ಕೆ ಇಂಗ್ಲಿಷಿನವರು ಬಳಸುವ ನುಡಿಗಟ್ಟು ಅದು ಎಂದು ಗೊತ್ತಿಲ್ಲದ ಓದುಗರ ಜಾಗದಲ್ಲಿ ಕೂತು ಓದಿ. ಎಲ್ಲಿ ‘ಹೀಗೆ ಯಾರು ಹೇಳುತ್ತಾರೆ?’ ಎನಿಸುತ್ತದೋ ಅಲ್ಲಿ ಗೆರೆ ಎಳೆಯಿರಿ. ತಿದ್ದಬೇಡಿ, ಗೆರೆ ಮಾತ್ರ. ನಿಂತು ತಿದ್ದತೊಡಗಿದರೆ ಓದುಗರ ಕಿವಿ ಹೋಗಿ ಸಂಪಾದಕರ ಕಣ್ಣು ಬಂದುಬಿಡುತ್ತದೆ.

ಹೀಗೆ ಸಿಗುವುದು ಎದ್ದು ಕಾಣುವ ನುಡಿಗಟ್ಟುಗಳು: ‘ಹೆಬ್ಬೆರಳಿನ ನಿಯಮ’, ‘ನೀಲಿ ಚಂದ್ರನಲ್ಲಿ ಒಮ್ಮೆ’, ‘ವೈದ್ಯರು ತಡವಾಗಿ ಓಡುತ್ತಿದ್ದಾರೆ’. ಇವು ತಾವೇ ಕೈ ಎತ್ತಿ ನಿಲ್ಲುತ್ತವೆ.

ಭಯಪಡಬೇಕಾದದ್ದು ಕೈ ಎತ್ತದವುಗಳಿಗೆ. ನಮ್ಮ ಪತ್ರದ 4ನೆಯ ವಾಕ್ಯವನ್ನು ಮತ್ತೆ ನೋಡಿ: ‘ಅನೇಕ ರೋಗಿಗಳ ಪಾದಗಳು ತಣ್ಣಗಾಗುತ್ತವೆ’. ಮೂಲದಲ್ಲಿದ್ದದ್ದು ‘ಕೋಲ್ಡ್ ಫೀಟ್’, ಅಂದರೆ ಕೊನೆ ಗಳಿಗೆಯ ಅಳುಕು. ಕಥೆಯೊಂದರಲ್ಲಿ, ಮದುವೆಯ ಹಿಂದಿನ ದಿನ ವರನ ಪಾದ ತಣ್ಣಗಾಯಿತು ಎಂದು ಬಂದಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಆಸ್ಪತ್ರೆಯ ಪತ್ರದಲ್ಲಿ ಅದು ರೋಗಲಕ್ಷಣದ ಹಾಗೆ ಕಾಣುತ್ತದೆ, ಅದರ ಬೆನ್ನಿಗೆ ‘ಇದು ಅಸಾಮಾನ್ಯ’ ಎಂದೂ ಸೇರಿ ರೋಗಿ ರಾತ್ರಿಯೆಲ್ಲ ಪಾದ ಮುಟ್ಟಿ ನೋಡಿಕೊಳ್ಳುವಂತಾಗುತ್ತದೆ. 5ನೆಯದೂ ಹಾಗೆಯೇ. ‘ಅಟ್ ದಿ ಎಂಡ್ ಆಫ್ ದ ಡೇ’ ಎಂದರೆ ‘ಏನೇ ಆದರೂ, ಕೊನೆಗೆ’ ಎಂದು. ‘ದಿನದ ಕೊನೆಯಲ್ಲಿ’ ಎಂದರೆ ಸಂಜೆಯೊಳಗೆ ತೀರ್ಮಾನಿಸಿ ಹೇಳಬೇಕೇನೋ ಎಂದು ರೋಗಿ ತಿಳಿಯಬಹುದು. ಸುತ್ತಲಿನ ವಿಷಯಕ್ಕೆ ಪದಶಃ ಅರ್ಥವೇ ಹೊಂದಿಬಿಟ್ಟಾಗ ಕಿವಿಗೆ ಏನೂ ತಟ್ಟುವುದಿಲ್ಲ.

ಇದಕ್ಕೆ ನಾನು ಮಾಡುವ ಉಪಾಯ ಸರಳ. ಗೆರೆ ಎಳೆದು ಮುಗಿದ ಮೇಲೆ ಮೂಲವನ್ನು ತೆರೆದು, ದೇಹದ ಅಂಗ, ಕಾಲ, ಹವೆ, ದಿಕ್ಕು ಇವುಗಳ ಹೆಸರು ಬಂದ ಕಡೆಯೆಲ್ಲ ಒಮ್ಮೆ ನಿಲ್ಲುತ್ತೇನೆ. ಇಂಗ್ಲಿಷಿನ ನುಡಿಗಟ್ಟುಗಳು ಬಹಳಷ್ಟು ಇವುಗಳ ಸುತ್ತಲೇ ಹುಟ್ಟಿವೆ. ಕನ್ನಡದ್ದೂ ಹಾಗೆಯೇ, ‘ಕೈಕೊಟ್ಟ’ ಎಂಬುದನ್ನು ಯಾರಾದರೂ ‘ಕೈ ನೀಡಿದ’ ಎಂದು ಇಂಗ್ಲಿಷಿಗೆ ಒಯ್ದರೆ ವಂಚಕ ಉಪಕಾರಿಯಾಗುತ್ತಾನೆ. ಪ್ರತಿಯೊಂದು ಕಡೆಯೂ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಪಠ್ಯದಲ್ಲಿ ನಿಜವಾಗಿ ಪಾದದ ವಿಷಯ ನಡೆಯುತ್ತಿದೆಯೇ? ಪತ್ರ ಕರುಳಿನ ಶಸ್ತ್ರಚಿಕಿತ್ಸೆಯದಾಗಿದ್ದು ಪಾದದ ಮಾತು ಹಿಂದೆಮುಂದೆ ಎಲ್ಲೂ ಇಲ್ಲದಿದ್ದರೆ ನಿಘಂಟು ತೆರೆಯುವುದು ಕ್ಷೇಮ.

ಹಂತ 4: ತಿದ್ದಿ, ಆದರೆ ತಿದ್ದಿದ್ದರ ಸುತ್ತಲೂ ನೋಡಿ

ನಿಷೇಧವನ್ನು ಮರಳಿ ಸೇರಿಸುವುದು ಒಂದು ಪದ ತುರುಕುವ ಕೆಲಸ ಎಂದು ಕಾಣುತ್ತದೆ, ಆದರೆ ಕನ್ನಡದ ಕ್ರಿಯಾಪದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ‘ನಾಳೆ ಕರೆ ಮಾಡುತ್ತೇವೆ’ ಎಂಬಲ್ಲಿ ಯಾರು ಮಾಡುವವರು ಎಂಬುದು ಕ್ರಿಯಾಪದದಲ್ಲೇ ಇದೆ, ‘ನಾವು’ ಎಂದು ಬರೆಯಬೇಕಿಲ್ಲ. ಅದನ್ನು ‘ನಾಳೆ ಕರೆ ಮಾಡುವುದಿಲ್ಲ’ ಎಂದು ತಿದ್ದಿದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ನಾನೋ, ನೀವೋ, ಅವರೋ ತಿಳಿಯುವುದಿಲ್ಲ. ಆದ್ದರಿಂದ ನಿಷೇಧ ಸೇರಿಸಿದ ಪ್ರತಿ ವಾಕ್ಯದಲ್ಲೂ ಕರ್ತೃಪದ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಆಜ್ಞೆಯ ರೂಪಗಳಲ್ಲಿ ಈ ತೊಂದರೆಯಿಲ್ಲ, ‘ನಿಲ್ಲಿಸಬೇಡಿ’ ಎಂದರೆ ಓದುತ್ತಿರುವವರಿಗೇ ಹೇಳಿದ್ದು.

ಎರಡು ನಿಷೇಧ ಇರುವ ವಾಕ್ಯವನ್ನು ಹಾಗೇ ಎರಡು ನಿಷೇಧದಲ್ಲಿ ಉಳಿಸಬೇಕೆಂಬ ಹಟ ಬೇಡ. ‘ವೈದ್ಯರು ಹೇಳದ ಹೊರತು ನಿಲ್ಲಿಸಬೇಡಿ’ ವ್ಯಾಕರಣಕ್ಕೆ ಸರಿ, ಆದರೆ ಓದುಗರು ತಲೆಯಲ್ಲಿ ಎರಡು ಸಲ ಮಗುಚಿ ಹಾಕಬೇಕಾಗುತ್ತದೆ. ‘ವೈದ್ಯರು ಹೇಳಿದರೆ ಮಾತ್ರ ನಿಲ್ಲಿಸಿ’ ಎಂದರೆ ಅದೇ ಅರ್ಥ ನೇರವಾಗಿ ಬರುತ್ತದೆ. ನಮ್ಮ ಪತ್ರದಲ್ಲಿ ಇನ್ನೊಂದು ಸಣ್ಣ ತೊಡಕಿದೆ: ‘ಮಾತ್ರೆಗಳನ್ನು... ಮಾತ್ರ’ ಎಂದು ಒಂದೇ ಉಸಿರಿಗೆ ಬಂದರೆ ಕಿವಿಗೆ ಹಿತವಲ್ಲ, ಅದಕ್ಕೆ ‘ಹೇಳಿದರಷ್ಟೇ’ ಎಂದು ಬದಲಿಸುತ್ತೇನೆ. ಎಚ್ಚರಿಕೆಯ ಮಾತಾದ್ದರಿಂದ ‘ನೀವಾಗಿಯೇ ನಿಲ್ಲಿಸಬೇಡಿ’ ಎಂದು ಮೊದಲು ಸೇರಿಸುವುದು ಇನ್ನೂ ಭದ್ರ. ಕಾನೂನಿನ ಪಠ್ಯದಲ್ಲಿ ಮಾತ್ರ ಹೀಗೆ ಮಗುಚುವ ಮೊದಲು ಕೆಲಸ ಕೊಟ್ಟವರನ್ನು ಕೇಳಿ. ಅಲ್ಲಿ ವಾಕ್ಯದ ಆಕಾರಕ್ಕೂ ಬೆಲೆ ಇರುತ್ತದೆ.

ನುಡಿಗಟ್ಟಿಗೆ ಇರುವುದು ಮೂರು ದಾರಿ: ಕನ್ನಡದ್ದೇ ನುಡಿಗಟ್ಟು ತರುವುದು, ಅರ್ಥವನ್ನು ನೇರವಾಗಿ ಬರೆಯುವುದು, ಇಲ್ಲವೇ ಬಿಟ್ಟುಬಿಡುವುದು. ಹೊಸಬರಿಗೆ ಮೊದಲನೆಯದರ ಮೇಲೆ ಆಸೆ ಹೆಚ್ಚು. ನನ್ನ ಮತ ಬೇರೆ. ಸೂಚನೆ, ಪತ್ರ, ಕೈಪಿಡಿಗಳಲ್ಲಿ ಎರಡನೆಯ ದಾರಿಯೇ ಒಳ್ಳೆಯದು. ‘ಪೀಸ್ ಆಫ್ ಕೇಕ್’ ಎಂಬುದಕ್ಕೆ ‘ನೀರು ಕುಡಿದಷ್ಟು ಸುಲಭ’ ಚೆಂದದ ಸಾಟಿ, ಆದರೆ ಮಧ್ಯರಾತ್ರಿಯ ಉಪವಾಸದ ಬಗ್ಗೆ ಹೇಳುವ ಪತ್ರದಲ್ಲಿ ಅದನ್ನು ಬರೆದರೆ ಏನಾಗುತ್ತದೆ ಯೋಚಿಸಿ. ‘ತುಂಬ ಸುಲಭ’ ಎಂದರೆ ಸಾಕು. ಬಣ್ಣಕ್ಕಷ್ಟೇ ಹಾಕಿದ ನುಡಿಗಟ್ಟಾದರೆ ಬಿಟ್ಟರೂ ನಷ್ಟವಿಲ್ಲ. ಕಥೆ, ಜಾಹೀರಾತು, ಭಾಷಣದಲ್ಲಿ ಮೊದಲ ದಾರಿಗೆ ಹೋಗಿ, ಅಲ್ಲಿ ಬಣ್ಣವೇ ಸರಕು.

ಇಷ್ಟಾದ ಮೇಲೆ ಪತ್ರ ಹೀಗಾಗುತ್ತದೆ:

1. ಮಧ್ಯರಾತ್ರಿಯ ನಂತರ ಏನನ್ನೂ ತಿನ್ನಬಾರದು.
2. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಶಸ್ತ್ರವೈದ್ಯರು ಹೇಳಿದರಷ್ಟೇ ನಿಲ್ಲಿಸಿ.
3. ಎದ್ದು ನಿಲ್ಲಲಾಗದಷ್ಟು ನಿಶ್ಶಕ್ತಿ ಎನಿಸಿದರೆ ಒಬ್ಬರೇ ಏಳಬೇಡಿ, ಯಾರದಾದರೂ ಸಹಾಯ ಪಡೆಯಿರಿ.
4. ಹಿಂದಿನ ದಿನ ಸಂಜೆ ಹಲವರಿಗೆ ಅಳುಕು ಹುಟ್ಟುತ್ತದೆ, ಇದು ಸಹಜ.
5. ಏನೇ ಆದರೂ ಕೊನೆಯ ನಿರ್ಧಾರ ನಿಮ್ಮದೇ.

4ರಲ್ಲಿ ಎರಡು ನಿಷೇಧ ಸೇರಿ ಸೊನ್ನೆಯಾಗಿವೆ, ‘ಅಸಾಮಾನ್ಯವಲ್ಲ’ ಎಂದು ಬರೆದಿದ್ದರೂ ತಪ್ಪಿರಲಿಲ್ಲ. ರಾತ್ರಿ ನಿದ್ದೆ ಬಾರದೆ ಪತ್ರ ಓದುವವರಿಗೆ ‘ಸಹಜ’ ಎಂಬ ಪದ ಬೇಗ ತಲುಪುತ್ತದೆ ಎಂಬುದು ನನ್ನ ಲೆಕ್ಕ.

ತಿದ್ದುವುದೋ, ಅಳಿಸಿ ಹೊಸದಾಗಿ ಬರೆಯುವುದೋ ಎಂದು ಅನುಮಾನ ಬಂದರೆ ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ: ಎರಡು ಸಲ ಓದಿದರೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯದಿದ್ದರೆ ಅಳಿಸಿಬಿಡುವುದು. 3ನೆಯ ವಾಕ್ಯ ಅಂಥದ್ದು, ಯಂತ್ರದ್ದೆಂದು ಅದರಲ್ಲಿ ಉಳಿದಿರುವುದು ‘ಎನಿಸಿದರೆ’ ಒಂದೇ.

ಹಂತ 5: ಹೌದು, ಅಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಿ

ತಿದ್ದಿದ ಕನ್ನಡವನ್ನು ಮತ್ತೆ ಯಂತ್ರಕ್ಕೇ ಕೊಟ್ಟು ಇಂಗ್ಲಿಷಿಗೆ ತಿರುಗಿಸಿ ನೋಡುವ ಅಭ್ಯಾಸ ಬಹಳ ಮಂದಿಗಿದೆ. ಅದನ್ನು ನಂಬಬೇಡಿ. ಹೋಗುವಾಗ ‘ನಾಟ್’ ಬೀಳಿಸುವ ಯಂತ್ರ ಬರುವಾಗಲೂ ಬೀಳಿಸಬಹುದು. ‘ತಣ್ಣಗಿನ ಪಾದ’ವಂತೂ ತಿರುಗಿ ಹೋದರೆ ಸಲೀಸಾಗಿ ‘ಕೋಲ್ಡ್ ಫೀಟ್’ ಆಗಿ, ಎಲ್ಲವೂ ಸರಿಯಾಗಿದೆ ಎಂಬ ಸುಳ್ಳು ಸಮಾಧಾನ ಕೊಡುತ್ತದೆ.

ಬದಲಿಗೆ ಮೂಲವನ್ನು ನೋಡಿ ನಾಲ್ಕೈದು ಪ್ರಶ್ನೆ ಬರೆದುಕೊಳ್ಳಿ. ರಾತ್ರಿ ಒಂದು ಗಂಟೆಗೆ ಬಿಸ್ಕತ್ತು ತಿನ್ನಬಹುದೇ? ವೈದ್ಯರು ಏನೂ ಹೇಳದಿದ್ದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮುಂದುವರಿಸಬೇಕೇ? ಒಬ್ಬರೇ ಏಳಬಹುದೇ? ಸಂಜೆ ಅಳುಕು ಹುಟ್ಟಿದರೆ ಗಾಬರಿಪಡಬೇಕೇ? ಮೂಲವನ್ನು ನೋಡದ ಒಬ್ಬರಿಗೆ ಕನ್ನಡ ಪಠ್ಯವನ್ನು ಮಾತ್ರ ಕೊಟ್ಟು ಈ ಪ್ರಶ್ನೆಗಳನ್ನು ಕೇಳಿ. ಉತ್ತರ ಮೂಲಕ್ಕೆ ಹೊಂದದಿದ್ದರೆ, ಅಥವಾ ಅವರು ‘ಸ್ವಲ್ಪ ತಾಳಿ’ ಎಂದು ಮತ್ತೊಮ್ಮೆ ಓದಲು ಹೊರಟರೆ, ಆ ವಾಕ್ಯಕ್ಕೆ ಮರಳಿ. ಮೊದಲು ತೋರಿಸಿದ ಯಂತ್ರದ ಪತ್ರವನ್ನು ಕೊಟ್ಟು ಕೇಳಿದ್ದರೆ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಅನುಮಾನ, ನಡುವಿನ ಎರಡಕ್ಕೆ ತಲೆಕೆಳಗಾದ ಉತ್ತರ ಬರುತ್ತಿತ್ತು, ಕೊನೆಯದಕ್ಕೆ ಪತ್ರದಲ್ಲಿ ಉತ್ತರವೇ ಸಿಗುತ್ತಿರಲಿಲ್ಲ.

ಕಡತವನ್ನು ಒಪ್ಪಿಸುವ ಮೊದಲು ಟ್ರಾನ್ಸ್‌ಲೇಷನ್ ಮೆಮೊರಿಯನ್ನು ನೋಡಿ. ಒಪ್ಪಿಗೆಯಾದ ಜೋಡಿ ವಾಕ್ಯಗಳನ್ನು ಕೂಡಿಟ್ಟು ಮುಂದೆ ಅದೇ ವಾಕ್ಯ ಬಂದಾಗ ತಾನೇ ತುಂಬಿಸುವ ಉಗ್ರಾಣ ಅದು. ಯಂತ್ರದ ತಪ್ಪು ವಾಕ್ಯಕ್ಕೆ ಆರಂಭದಲ್ಲಿ ಅವಸರದಿಂದ ಒಪ್ಪಿಗೆ ಒತ್ತಿ, ಆಮೇಲೆ ಕೊನೆಯ ಕಡತದಲ್ಲಷ್ಟೇ ತಿದ್ದಿದ್ದರೆ ಉಗ್ರಾಣದಲ್ಲಿ ತಪ್ಪೇ ಉಳಿದಿರುತ್ತದೆ, ಮುಂದಿನ ಪತ್ರದಲ್ಲಿ ‘ಮಾತ್ರೆಗಳನ್ನು ನಿಲ್ಲಿಸಿ’ ಮತ್ತೆ ಎದ್ದು ಬರುತ್ತದೆ. ಈ ಸಲ ಅದರ ಪಕ್ಕದಲ್ಲಿ ಮನುಷ್ಯರು ನೋಡಿ ಒಪ್ಪಿದ್ದು ಎಂಬ ಗುರುತೂ ಇರುತ್ತದೆ. ತಿದ್ದುಗೆಯನ್ನು ತಂತ್ರಾಂಶದೊಳಗೇ ಮಾಡಿ, ಅಲ್ಲಿಂದಲೇ ಅಂತಿಮ ಕಡತವನ್ನು ಹೊರತೆಗೆಯಿರಿ.

ಮೂಲವೇ ಎರಡರ್ಥ ಕೊಟ್ಟರೆ, ಉದಾಹರಣೆಗೆ ‘ಆಲ್’ ಮೊದಲು ಬಂದು ‘ನಾಟ್’ ಕ್ರಿಯಾಪದದ ಜೊತೆಗಿದ್ದು ಯಾರಿಗೂ ಇಲ್ಲವೋ ಕೆಲವರಿಗೆ ಇಲ್ಲವೋ ತಿಳಿಯದಿದ್ದರೆ, ನಿಮ್ಮ ಊಹೆಯನ್ನು ಕನ್ನಡಕ್ಕೆ ಸೇರಿಸಬೇಡಿ. ವಾಕ್ಯದ ಸಂಖ್ಯೆ, ಎರಡೂ ಅರ್ಥ, ಎರಡಕ್ಕೂ ನೀವು ಸಿದ್ಧಮಾಡಿಟ್ಟ ಕನ್ನಡ, ಇಷ್ಟನ್ನು ಬರೆದು ಮೂಲ ಬರೆದವರಿಗೆ ಕಳಿಸಿ. ಯಾವುದು ಬೇಕೆಂದು ಅವರು ಗುರುತು ಹಾಕಿ ಕಳಿಸಿದರೆ ಸಾಕು.